ಕಾರವಾರದ ಟೆರೇಸಿಗೆ ಕಲರ್ ಶೀಟೋ, ಅಲ್ಯೂಮಿನಿಯಂ ಶೀಟೋ? ಎರಡರಲ್ಲೂ ಬರೀ ಖರ್ಚು, ಲೆಕ್ಕ ಹಾಕುವುದು ಹೇಗೆ?

ಕೋಡಿಬಾಗ_ಸಂಘ:
ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲಿನ ಮಾಡು ಬದಲಿಸಬೇಕಾಗಿದೆ. 2,400 ಚದರಡಿ. ಕೆಳಗಿನ ಪೈಪಿನ ಚೌಕಟ್ಟು ಗಟ್ಟಿ ಇದೆ, ಅದು ಹಾಗೇ ಇರುತ್ತದೆ. ಶೀಟು, ಸ್ಕ್ರೂ, ಮಳೆನೀರು ಹರಿಯುವ ದೋಣಿ, ಕೂಲಿ ಎಲ್ಲ ಸೇರಿಸಿ ಎರಡು ಕೊಟೇಶನ್ ಬಂದಿವೆ.

ಕಬ್ಬಿಣದ ಕಲರ್ ಶೀಟ್ 3,00,000. ಈ ಉಪ್ಪುಗಾಳಿಗೆ 8 ವರ್ಷ ಬಾಳುತ್ತದೆ ಎಂದಿದ್ದಾರೆ. 4ನೇ ವರ್ಷ ತುಕ್ಕು ಉಜ್ಜಿ ಪೇಂಟ್ ಹೊಡೆಸಲು 45,000. ಕೊನೆಗೆ ಗುಜರಿಗೆ 20,000 ಬರಬಹುದು.

ಅಲ್ಯೂಮಿನಿಯಂ 5,20,000. 16 ವರ್ಷ. 8ನೇ ವರ್ಷ ಸ್ಕ್ರೂ, ವಾಷರ್ ಎಲ್ಲ ಬದಲಿಸಲು 25,000. ಕೊನೆಗೆ ಗುಜರಿ 90,000.

ಕಮಿಟಿಯಲ್ಲಿ ಎರಡು ಪಂಗಡವಾಗಿದೆ. ಒಂದು ಪಂಗಡ "3 ಲಕ್ಷಕ್ಕೆ ಆಗುವ ಕೆಲಸಕ್ಕೆ 5 ಲಕ್ಷ ಯಾಕೆ" ಅನ್ನುತ್ತದೆ. ಇನ್ನೊಂದು ಪಂಗಡ 16 ವರ್ಷದ ಒಟ್ಟು ಖರ್ಚು ಕೂಡಿಸಿ ತೋರಿಸುತ್ತದೆ: ಕಲರ್ ಶೀಟಿಗೆ 6,50,000, ಅಲ್ಯೂಮಿನಿಯಮ್ಮಿಗೆ 4,55,000. ಮಾಡಿನಿಂದ ನಮಗೆ ಬಾಡಿಗೆ ಬರುವುದಿಲ್ಲ, ಲಾಭ ಅನ್ನುವುದೇ ಇಲ್ಲ. ಹೀಗಿರುವಾಗ ಯಾವ ಲೆಕ್ಕ ಸರಿ? ಸಂಘದ ಹಣ ಶೇ. 8ರ ಠೇವಣಿಯಲ್ಲಿದೆ.

ಬಂದರು_ಬದಿ:
ಎರಡೂ ಸರಿ ಅಲ್ಲ. ಎಂಟು ವರ್ಷದ ನಂತರ ಕೊಡುವ ರೂಪಾಯಿಯನ್ನು ಇವತ್ತು ಕೊಡುವ ರೂಪಾಯಿಯ ಜೊತೆ ಹಾಗೇ ಕೂಡಿಸಲಿಕ್ಕೆ ಬರುವುದಿಲ್ಲ. ಶೇ. 8ರಲ್ಲಿ ಎಲ್ಲವನ್ನೂ ಇವತ್ತಿನ ಬೆಲೆಗೆ ಇಳಿಸಿ. ಕಲರ್ ಶೀಟಿಗೆ 3,22,271 ಬರುತ್ತದೆ, ಅಲ್ಯೂಮಿನಿಯಮ್ಮಿಗೆ 5,07,237. ಖರ್ಚೇ ಆದ್ದರಿಂದ ಕಡಿಮೆ ಬಂದದ್ದು ಗೆದ್ದಿತು. ಕಲರ್ ಶೀಟ್ ಹಾಕಿಸಿ, ಮಳೆಗಾಲದ ಒಳಗೆ ಮುಗಿಸಿ.

ಲೆಕ್ಕದ_ಮಾಸ್ತರು:
ಇಳಿಸಿದ್ದು ಸರಿ, ಹೋಲಿಸಿದ್ದು ತಪ್ಪು. 3,22,271 ಕೊಟ್ಟರೆ 8 ವರ್ಷದ ನೆರಳು ಸಿಗುತ್ತದೆ, 5,07,237 ಕೊಟ್ಟರೆ 16 ವರ್ಷದ್ದು. ಅರ್ಧ ಲೀಟರ್ ಹಾಲಿನ ದರವನ್ನು ಒಂದು ಲೀಟರಿನ ದರದ ಪಕ್ಕ ಇಟ್ಟ ಹಾಗಾಯಿತು. ಆದಾಯ ಇರುವ ಯೋಜನೆಯಲ್ಲಿ ಹೆಚ್ಚು ವರ್ಷ ನಡೆದರೆ ಹೆಚ್ಚು ಆದಾಯ ಬಂದು ಆ ವ್ಯತ್ಯಾಸ ಲೆಕ್ಕದಲ್ಲೇ ಕಾಣುತ್ತದೆ. ಇಲ್ಲಿ ಕಾಣುವುದು ಖರ್ಚಿನ ಬದಿ ಮಾತ್ರ. ಆದ್ದರಿಂದ ಬೇಗ ಹಾಳಾಗುವ ಮಾಲು ಯಾವಾಗಲೂ ಅಗ್ಗವಾಗಿ ಕಾಣುತ್ತದೆ.

ಎರಡನ್ನೂ ಒಂದೇ ಅವಧಿಗೆ ತನ್ನಿ. ಇಲ್ಲಿ 16 ವರ್ಷ ಇಟ್ಟುಕೊಳ್ಳುವುದು ಸುಲಭ, ಕಲರ್ ಶೀಟನ್ನು ಎರಡು ಸಲ ಹಾಕಿಸಿದರೆ ಆಯಿತು. 8ನೇ ವರ್ಷ ಮತ್ತೆ ಅದೇ 3,22,271 ಖರ್ಚು. ಇವತ್ತಿನ ಲೆಕ್ಕದಲ್ಲಿ ಅದು 0.54027 ಪಟ್ಟು, ಅಂದರೆ 1,74,113. ಕೂಡಿಸಿದರೆ 4,96,384. ಅಲ್ಯೂಮಿನಿಯಂ 5,07,237. ಎರಡು ಲಕ್ಷದ ಹತ್ತಿರ ಕಂಡ ಅಂತರ ಹನ್ನೊಂದು ಸಾವಿರಕ್ಕೆ ಇಳಿಯಿತು.

ಪ್ರತಿ ವರ್ಷ ಮಳೆಗೆ ಮೊದಲು ದೋಣಿ ಸ್ವಚ್ಛ ಮಾಡಿಸುವುದು, ಎಲೆ ತೆಗೆಸುವುದು ಎರಡಕ್ಕೂ ಸಮಾನ. ಅದನ್ನು ಸೇರಿಸಬೇಕಾಗಿಲ್ಲ. ಎರಡೂ ಕಡೆ ಒಂದೇ ಮೊತ್ತ ಏರುವುದರಿಂದ ಅಂತರ ಬದಲಾಗುವುದಿಲ್ಲ.

ಬಂದರು_ಬದಿ:
ಒಪ್ಪಿದೆ ಮಾಸ್ತರ್ರೆ, ಅವಧಿ ತಪ್ಪಿಸಿದ್ದೆ. ಆದರೂ ಗೆದ್ದದ್ದು ಕಲರ್ ಶೀಟೇ ಅಲ್ಲವೇ? ಹನ್ನೊಂದು ಸಾವಿರವಾದರೂ ಉಳಿತಾಯ ಉಳಿತಾಯವೇ.

ಲೆಕ್ಕದ_ಮಾಸ್ತರು:
ಅಲ್ಲೇ ಇನ್ನೊಂದು ಗುಂಡಿ ಇದೆ. ಮೇಲಿನ ಲೆಕ್ಕ ನೀವು ಹಿಡಿದ ದಾರಿಯಲ್ಲೇ ಮುಂದುವರಿದದ್ದು, ಅದರಲ್ಲಿ ಒಂದು ತಪ್ಪು ಹಾಗೇ ಉಳಿದಿದೆ. 8ನೇ ವರ್ಷ ಎರಡನೇ ಸಲ ಶೀಟ್ ಹಾಕುವಾಗ ಕುಮಟಾದಲ್ಲೋ ಕಾರವಾರದಲ್ಲೋ ಯಾರಾದರೂ 3,00,000ಕ್ಕೆ ಮಾಡಿಕೊಡುತ್ತಾರೆಯೇ? ನಾವು ಇವತ್ತಿನ ದರವನ್ನೇ ಮುಂದಕ್ಕೆ ಎಳೆದುಕೊಂಡು ಹೋದೆವು. ಆದರೆ ಇಳಿಸಲು ಬಳಸಿದ ಶೇ. 8 ಬ್ಯಾಂಕ್ ಕೊಡುವ ಬಡ್ಡಿ. ಅದರೊಳಗೆ ಬೆಲೆಯೇರಿಕೆಯ ಪಾಲು ಆಗಲೇ ಸೇರಿಕೊಂಡಿದೆ. ಬಡ್ಡಿಗೆ ಬೆಲೆಯೇರಿಕೆ ಇದೆ, ಶೀಟಿಗೆ ಇಲ್ಲ ಅಂದ ಹಾಗಾಯಿತು.

ವರ್ಷಕ್ಕೆ ಶೇ. 5ರಂತೆ ದರ ಏರಿದರೆ 8ನೇ ವರ್ಷದ ಶೀಟಿಗೆ 4,43,000 ಬೇಕು. ಶೇ. 8ರಲ್ಲಿ ಹಿಂದಕ್ಕೆ ತಂದರೆ ಇವತ್ತಿಗೆ 2,39,000. ನಾವು ಹಿಡಿದದ್ದು 1,62,000. ಎರಡನೇ ಶೀಟ್ ಒಂದರಲ್ಲೇ 77,000 ಕಡಿಮೆ ತೋರಿಸಿದ್ದೇವೆ.

ಸರಿಪಡಿಸಲು ಎರಡು ದಾರಿ. ಪ್ರತಿ ಮುಂದಿನ ಖರ್ಚನ್ನೂ ಆ ವರ್ಷದ ದರಕ್ಕೆ ಏರಿಸಿ ಶೇ. 8ರಲ್ಲಿ ಇಳಿಸಬಹುದು. ಇಲ್ಲವೇ ದರಗಳನ್ನು ಇವತ್ತಿನದೇ ಇಟ್ಟುಕೊಂಡು ಬಡ್ಡಿಯಿಂದ ಬೆಲೆಯೇರಿಕೆಯನ್ನು ತೆಗೆದುಹಾಕಬಹುದು: 1.08 ಭಾಗಿಸು 1.05, ಅಂದರೆ ಶೇ. 2.86. ಸುಮ್ಮನೆ 8ರಿಂದ 5 ಕಳೆದು 3 ಅಂದರೂ ತೀರಾ ತಪ್ಪಾಗದು, ಆದರೆ ಭಾಗಿಸುವುದೇ ಸರಿಯಾದ ಕ್ರಮ. ಎರಡೂ ದಾರಿಯಲ್ಲಿ ಉತ್ತರ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ಎರಡನ್ನೂ ಬೆರೆಸಿದ್ದೀರಿ ಎಂದು ತಿಳಿಯಿರಿ.

ಶೇ. 2.86ರಲ್ಲಿ ಕಲರ್ ಶೀಟ್ 5,83,000. ಅಲ್ಯೂಮಿನಿಯಂ 4,82,600. ಒಂದು ಲಕ್ಷ ಅಲ್ಯೂಮಿನಿಯಂ ಪರವಾಗಿ ತಿರುಗಿತು.

ಬಂದರು_ಬದಿ:
ಶೇ. 5 ಎಲ್ಲಿಂದ ಬಂತು? ರಿಸರ್ವ್ ಬ್ಯಾಂಕಿನ ಗುರಿ ಶೇ. 4.

ಲೆಕ್ಕದ_ಮಾಸ್ತರು:
ಗುರಿ 4, ಆಚೀಚೆ 2ರ ಅವಕಾಶ. 4 ಹಾಕಿದರೂ ಅಲ್ಯೂಮಿನಿಯಂ 74,000 ಮುಂದೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಬೇರೆ ರೀತಿಯಲ್ಲಿ ಸಿಗುತ್ತದೆ. ಬೆಲೆಯೇರಿಕೆ ತೆಗೆದ ಮೇಲೆ ಉಳಿಯುವ ಬಡ್ಡಿ ಎಷ್ಟಾದರೆ ಎರಡೂ ಸಮ ಆಗುತ್ತವೆ ಎಂದು ಹುಡುಕಿ. ಶೇ. 7ರಲ್ಲಿ ಅಲ್ಯೂಮಿನಿಯಂ ಆರು ಸಾವಿರ ಮುಂದೆ, 8ರಲ್ಲಿ ಹನ್ನೊಂದು ಸಾವಿರ ಹಿಂದೆ. ನಡುವೆ ಸುಮಾರು 7.4ರಲ್ಲಿ ಸಮ. ಇವತ್ತು ಹೆಚ್ಚುವರಿ ಹಾಕುವ 2,20,000 ನಿಮಗೆ ಗಳಿಸಿಕೊಡುವ ಬಡ್ಡಿ ಅದೇ. ಬೆಲೆಯೇರಿಕೆ ಕಳೆದು ಶೇ. 7.4 ಕೊಡುವ ಠೇವಣಿ ಎಲ್ಲಾದರೂ ಇದ್ದರೆ ಹಣ ಅಲ್ಲಿಡಿ, ಕಲರ್ ಶೀಟ್ ಹಾಕಿಸಿ.

ಶಿರಸಿ_ಚಾಲಿ:
ಇದೇ ಲೆಕ್ಕ ನಮಗೂ ಬೇಕಿತ್ತು. ಅಡಿಕೆ ಒಣಗಿಸಲು ಈಗಿನ ಹಾಗೆ ಅಂಗಳದಲ್ಲೇ ಹರವಬೇಕೋ, ಪ್ಲಾಸ್ಟಿಕ್ ಹೊದಿಕೆಯ ಒಣಗಿಸುವ ಮನೆ ಕಟ್ಟಿಸಬೇಕೋ ಎಂದು. ಅಡಿಕೆ ಎರಡರಲ್ಲೂ ಒಂದೇ, ಆದ್ದರಿಂದ ಆದಾಯ ಬಿಟ್ಟು ಖರ್ಚು ಮಾತ್ರ ಇಳಿಸಿ ನೋಡಿದರೆ ಸಾಕಲ್ಲ?

ಲೆಕ್ಕದ_ಮಾಸ್ತರು:
ಸಾಕಾಗುವುದಿಲ್ಲ. ಖರ್ಚಿನ ಲೆಕ್ಕ ನಿಲ್ಲುವುದು ಎರಡೂ ಒಂದೇ ಕೆಲಸವನ್ನು ಒಂದೇ ಮಟ್ಟದಲ್ಲಿ ಮಾಡಿದಾಗ. ಅಂಗಳದಲ್ಲಿ ಚಾಲಿ ಒಣಗಲು 40–45 ದಿನ ಬಿಸಿಲು ಬೇಕು. ನಡುವೆ ಅಕಾಲದ ಮಳೆ ಬಂದರೆ ಬೂಸ್ಟು ಹಿಡಿಯುತ್ತದೆ, ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಹೊದಿಕೆಯ ಮನೆಯಲ್ಲಿ ಆ ನಷ್ಟ ಕಡಿಮೆಯಾದರೆ ನಿಮ್ಮ ಆದಾಯವೇ ಬದಲಾಯಿತು. ಆ ವ್ಯತ್ಯಾಸ ಸೇರಿಸದೆ ಬರೀ ಖರ್ಚು ಹೋಲಿಸಿದರೆ ಅಂಗಳ ಯಾವತ್ತೂ ಗೆಲ್ಲುತ್ತದೆ, ಯಾಕೆಂದರೆ ಅದಕ್ಕೆ ಖರ್ಚೇ ಇಲ್ಲ.

ಒಣಗಿದ ಅಡಿಕೆ ಇಡುವ ಕೋಣೆಗೆ ಹಂಚೋ ಶೀಟೋ ಎಂಬ ಪ್ರಶ್ನೆಯಾದರೆ, ಎರಡೂ ಸೋರದಿದ್ದರೆ, ಅದು ಈ ಲೆಕ್ಕಕ್ಕೆ ಕೂರುತ್ತದೆ.

ಶಿರಸಿ_ಚಾಲಿ:
ಹಾಗಾದರೆ ಬೂಸ್ಟು ಹಿಡಿದ ಅಡಿಕೆಯ ಲೆಕ್ಕ ವರ್ಷಾವಾರು ತೆಗೆಯಬೇಕಾಯಿತು. ಅದು ನಮ್ಮ ಹತ್ತಿರ ಬರೆದಿಟ್ಟದ್ದಿಲ್ಲ ಮಾರಾಯ್ರೆ. ಇರಲಿ, ಬೇರೆ ಎಳೆ ತೆರೆಯುತ್ತೇನೆ.

ಕುಮಟಾ_ವೆಲ್ಡರ್:
ಬಡ್ಡಿ ಲೆಕ್ಕ ನೀವು ನೋಡಿಕೊಳ್ಳಿ. ನಾನು ಕೇಳುವುದು ಆ 16 ವರ್ಷ ಯಾರು ಹೇಳಿದ್ದು ಅಂತ. ಅಲ್ಯೂಮಿನಿಯಂ ಶೀಟ್ ತಾನಾಗಿ ಹಾಳಾಗುವುದು ಕಡಿಮೆ, ಅದನ್ನು ಹಾಳುಮಾಡುವುದು ಅದರ ಕೆಳಗಿನ ಕಬ್ಬಿಣ. ಉಪ್ಪು ನೀರು ನಿಂತಲ್ಲಿ ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದರೆ ಕರಗುವುದು ಅಲ್ಯೂಮಿನಿಯಂ. ಸ್ಕ್ರೂ ತೂತಿನ ಸುತ್ತ ಬಿಳಿ ಪುಡಿ ಏಳುತ್ತದೆ, ಆಮೇಲೆ ತೂತು ದೊಡ್ಡದಾಗುತ್ತದೆ. ಗಾಳಿಗೆ ಶೀಟ್ ಏಳುವುದೂ ಅಲ್ಲಿಂದಲೇ.

ಪೈಪಿನ ಮೇಲೆ ಮೊದಲು ಪ್ರೈಮರ್ ಸರಿಯಾಗಿ ಹೊಡೆದು ಶೀಟ್ ಕೂರುವ ಕಡೆ ರಬ್ಬರ್ ಪಟ್ಟಿ ಅಥವಾ ಟೇಪ್ ಹಾಕಿಸಬೇಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು, ವಾಷರ್ ಒಳ್ಳೆಯ ರಬ್ಬರಿನದು. ಸ್ಕ್ರೂವನ್ನು ಅತಿಯಾಗಿ ಬಿಗಿಸಬಾರದು, ವಾಷರ್ ಹಿಸುಕಿ ಹೊರಗೆ ಬಂದರೆ ಎರಡು ಬೇಸಿಗೆಯಲ್ಲಿ ಸೀಳುತ್ತದೆ. ಗೋಡೆಗೆ ತಾಗುವಲ್ಲಿ ಹಸಿ ಸಿಮೆಂಟನ್ನು ನೇರವಾಗಿ ಶೀಟಿಗೆ ಮೆತ್ತಬಾರದು, ಅದೂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಕೊಟೇಶನ್ನಿನಲ್ಲಿ ಇದೆಲ್ಲ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ 16 ಅಂತ ಹಿಡಿಯಬೇಡಿ. ನಿಮ್ಮ ಚೌಕಟ್ಟು ಗಟ್ಟಿ ಅಂದಿರಿ, ಅದನ್ನೂ ಪೈಪಿನ ತುದಿ ಬಡಿದು ನೋಡಿ. ಒಳಗಿನಿಂದ ತುಕ್ಕು ಹಿಡಿದದ್ದು ಹೊರಗಿನ ಪೇಂಟಿನಲ್ಲಿ ಕಾಣುವುದಿಲ್ಲ.

ಲೆಕ್ಕದ_ಮಾಸ್ತರು:
ಇದು ಬಡ್ಡಿಗಿಂತ ದೊಡ್ಡ ವಿಷಯ. ಆಯುಸ್ಸು ಬದಲಾದರೆ 16 ವರ್ಷದ ಅವಧಿ ಹೊಂದುವುದಿಲ್ಲ, ಆಗ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ನೋಡುವುದು ವಾಸಿ. ಒಟ್ಟು ಇಂದಿನ ಮೌಲ್ಯವನ್ನು ಅಷ್ಟೂ ವರ್ಷಕ್ಕೆ ಸಮ ಕಂತಾಗಿ ಹಂಚುವುದು, ಸಾಲದ ಕಂತು ಹಾಕುವ ಹಾಗೇ. ಶೇ. 2.86ರಲ್ಲಿ ಕಲರ್ ಶೀಟ್ ವರ್ಷಕ್ಕೆ 45,900. ಅಲ್ಯೂಮಿನಿಯಂ 16 ವರ್ಷ ಬಾಳಿದರೆ 38,000. 13ಕ್ಕೆ ಇಳಿದರೆ 44,500, ಇನ್ನೂ ಕೂದಲೆಳೆ ಮುಂದೆ. 12ಕ್ಕೆ ಇಳಿದರೆ 47,400, ಸೋಲುತ್ತದೆ.

ಅಂದರೆ ವೆಲ್ಡರ್ ಹೇಳಿದ ರಬ್ಬರ್ ಪಟ್ಟಿ ಮತ್ತು ಸ್ಕ್ರೂಗೆ ಇನ್ನೊಂದು ಹತ್ತಿಪ್ಪತ್ತು ಸಾವಿರ ಹೆಚ್ಚು ಕೇಳಿದರೂ ಕೊಡುವುದು ಲೆಕ್ಕಕ್ಕೆ ಸರಿ.

ಒಂದು ಎಚ್ಚರ: ಈ ವಾರ್ಷಿಕ ಕಂತಿನ ಹೋಲಿಕೆ ಬೆಲೆಯೇರಿಕೆ ತೆಗೆದ ಬಡ್ಡಿಯಲ್ಲಿ ಮಾತ್ರ ನಡೆಯುತ್ತದೆ. ಶೇ. 8ರಲ್ಲೇ ಮಾಡಿದರೆ, ಮತ್ತೆ ಹಾಕಿಸುವಾಗಲೂ ಅದೇ ದರ ಎಂದು ಒಪ್ಪಿಕೊಂಡ ಹಾಗೆ. ಬೇಗ ಬೇಗ ಬದಲಿಸುವ ಮಾಲಿಗೆ ಮತ್ತೆ ಅನುಕೂಲವಾಗಿಬಿಡುತ್ತದೆ.

ಶರಾವತಿ_ದಂಡೆ:
ಒಂದು ಸಂಶಯ. ಕಲರ್ ಶೀಟ್ ಸಮುದ್ರದ ಬದಿಯಲ್ಲಿ 8 ವರ್ಷ ಬಾಳುವುದೂ ಗ್ಯಾರಂಟಿ ಇಲ್ಲ. ಅನಿಶ್ಚಿತ ಇದ್ದದ್ದಕ್ಕೆ ಹೆಚ್ಚಿನ ಬಡ್ಡಿ ಹಾಕಬೇಕು ಎಂದು ಬ್ಯಾಂಕಿನವರು ಹೇಳುತ್ತಾರಲ್ಲ. ಅದಕ್ಕೆ 12, ಅಲ್ಯೂಮಿನಿಯಮ್ಮಿಗೆ 8 ಹಾಕಿ ನೋಡಬಾರದೇ?

ಲೆಕ್ಕದ_ಮಾಸ್ತರು:
ಹಾಕಿ ನೋಡಿ ಅಕ್ಕ, ಏನಾಗುತ್ತದೆ ಎಂದು. ಮೊದಲ ಲೆಕ್ಕದಲ್ಲಿ ಕಲರ್ ಶೀಟ್ ಶೇ. 8ಕ್ಕೆ 4,96,384 ಇತ್ತು. ಶೇ. 12ಕ್ಕೆ 4,50,000ಕ್ಕೆ ಇಳಿಯುತ್ತದೆ. ಅಪಾಯ ಹೆಚ್ಚು ಎಂದು ಗುರುತು ಹಾಕಿದ ಮಾಲೇ 46,000 ಅಗ್ಗವಾಯಿತು!

ಬ್ಯಾಂಕಿನವರು ಹೇಳುವುದು ಬರುವ ಹಣದ ಬಗ್ಗೆ. ಬರುವ ಹಣ ಅನುಮಾನವಾದರೆ ಬಡ್ಡಿ ಏರಿಸಿ ಅದರ ಮೌಲ್ಯ ತಗ್ಗಿಸುತ್ತಾರೆ. ಹೋಗುವ ಹಣಕ್ಕೂ ಹಾಗೇ ಮಾಡಿದರೆ ಖರ್ಚು ತಗ್ಗಿದಂತೆ ಕಾಣುತ್ತದೆ. ಆದಾಯವಿಲ್ಲದ ಲೆಕ್ಕದಲ್ಲಿ ಅನಿಶ್ಚಿತತೆಯನ್ನು ಬಡ್ಡಿಗೆ ಹಾಕಬೇಡಿ, ವರ್ಷಕ್ಕೆ ಮತ್ತು ಮೊತ್ತಕ್ಕೆ ಹಾಕಿ. ಕಲರ್ ಶೀಟ್ 6 ವರ್ಷಕ್ಕೇ ಹೋದರೆ, ಪೇಂಟ್ 3ನೇ ವರ್ಷಕ್ಕೆ ಬಂದರೆ ವರ್ಷದ ಕಂತು 45,900ರಿಂದ 59,600ಕ್ಕೆ ಜಿಗಿಯುತ್ತದೆ. ಆ ಅಪಾಯ ಎಷ್ಟು ಎಂದು ಈಗ ಕಣ್ಣಿಗೆ ಕಂಡಿತು.

ಕೋಡಿಬಾಗ_ಸಂಘ:
ನಿನ್ನೆ ರಾತ್ರಿ ಶೀಟಿನಲ್ಲಿ, ಅಂದರೆ ಕಂಪ್ಯೂಟರಿನ ಶೀಟಿನಲ್ಲಿ, ಹಾಕಿದೆ. ಶೇ. 8ಕ್ಕೆ ಕಲರ್ ಶೀಟ್ 4,59,615 ಬಂತು. ನಿಮಗೆ 4,96,384. ಕೋಷ್ಟಕ ಎರಡು ಸಲ ನೋಡಿದೆ, 4 ಮತ್ತು 12ನೇ ವರ್ಷ 45,000, 8ನೇ ವರ್ಷ 2,80,000, 16ನೇ ವರ್ಷ ಮೈನಸ್ 20,000. ಎಲ್ಲಿ ತಪ್ಪಿದೆ?

ಲೆಕ್ಕದ_ಮಾಸ್ತರು:
ಕೋಷ್ಟಕ ಸರಿ ಇದೆ. ಇವತ್ತಿನ 3,00,000ವನ್ನೂ ಇಂದಿನ ಮೌಲ್ಯ ತೆಗೆಯುವ NPV ಸೂತ್ರದ ಒಳಗೆ ಸೇರಿಸಿದ್ದೀರಿ. ಆ ಸೂತ್ರ ಮೊದಲ ಅಂಕಿಯನ್ನು ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ, ಹಾಗಾಗಿ ಎಲ್ಲವೂ ಒಂದು ವರ್ಷ ಮುಂದಕ್ಕೆ ಸರಿದು 1.08ರಿಂದ ಭಾಗಿಸಿದ ಹಾಗಾಯಿತು. ಇವತ್ತಿನದನ್ನು ಹೊರಗಿಡಿ. B1ರಲ್ಲಿ ಬಡ್ಡಿ, C2ರಲ್ಲಿ ಇವತ್ತಿನ ಖರ್ಚು, C3ರಿಂದ C18ವರೆಗೆ 1ರಿಂದ 16ನೇ ವರ್ಷ:

```
=C2+NPV($B$1,C3:C18)
```

ಖರ್ಚಿಲ್ಲದ ವರ್ಷದಲ್ಲಿ 0 ಬರೆಯಿರಿ. ಖಾಲಿ ಬಿಟ್ಟ ಕೋಶವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮುಂದಿನ ವರ್ಷದ ಖರ್ಚು ಒಂದೊಂದು ಮನೆ ಮುಂಚಿತವಾಗಿ ಬಂದುಬಿಡುತ್ತದೆ. ಇನ್ನೊಂದು, B1ರಲ್ಲಿ ಈಗ 8% ಇದೆ. ಅದರ ಬದಲು ಇದನ್ನು ಹಾಕಿದರೆ ನಿಜವಾದ ಹೋಲಿಕೆ ಸಿಗುತ್ತದೆ:

```
=(1+8%)/(1+5%)-1
```

ಕೋಡಿಬಾಗ_ಸಂಘ:
ಸರಿಯಾಯಿತು. 5,83,000 ಮತ್ತು 4,82,600 ಬಂತು. ಆದರೆ ಕಮಿಟಿಯಲ್ಲಿ ಇನ್ನೊಂದು ಕೊಕ್ಕೆ ಹಾಕಿದ್ದಾರೆ. ಠೇವಣಿ ಮುರಿಯುವುದು ಬೇಡ, ಹೆಚ್ಚಿನ 2,20,000 ಸೊಸೈಟಿಯಿಂದ ಶೇ. 12ಕ್ಕೆ ಸಾಲ ತರೋಣ ಅನ್ನುತ್ತಾರೆ.

ಲೆಕ್ಕದ_ಮಾಸ್ತರು:
ಆಗ ಹಣದ ಬೆಲೆ 12. ಬೆಲೆಯೇರಿಕೆ ತೆಗೆದರೆ 6.67. ಸಮವಾಗುವ 7.4ಕ್ಕೆ ತೀರ ಹತ್ತಿರ. ಅಲ್ಯೂಮಿನಿಯಂ ಮುಂದೆ ಇದೆ, ಆದರೆ 12,600 ಮಾತ್ರ. ಸಾಲದ ಕಂತುಗಳನ್ನು ಮಾತ್ರ ಮತ್ತೆ ಖರ್ಚಿನ ಸಾಲಿನಲ್ಲಿ ಬರೆಯಬೇಡಿ, ಬಡ್ಡಿಯನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಶೇ. 8ರ ಠೇವಣಿ ಇಟ್ಟುಕೊಂಡು 12ಕ್ಕೆ ಸಾಲ ತರುವುದು ಯಾಕೆ ಎಂದು ಕೇಳಿ ನೋಡಿ, ಉತ್ತರ ಇದ್ದರೆ ಒಳ್ಳೆಯದು.

ಬಂದರು_ಬದಿ:
90,000 ಗುಜರಿ ನಂಬಲಿಕ್ಕೆ ಆಗುತ್ತದೆಯೇ? ಅದನ್ನೇ ಯಾರೂ ಕೇಳಲಿಲ್ಲ.

ಕುಮಟಾ_ವೆಲ್ಡರ್:
0.7 ಮಿ.ಮೀ. ದಪ್ಪದ ಶೀಟು, ಮಡಿಕೆ ಮತ್ತು ಒಂದರ ಮೇಲೊಂದು ಬರುವ ಅಂಚು ಸೇರಿಸಿದರೆ 2,400 ಚದರಡಿಗೆ ಸುಮಾರು 500 ಕಿಲೋ. 90,000 ಅಂದರೆ ಕಿಲೋಗೆ 175–180 ಹಿಡಿದಿದ್ದಾರೆ. ಇವತ್ತಿನ ದರದಲ್ಲಿ ಸಿಗಬಹುದು, ಆದರೆ ಸ್ಕ್ರೂ, ಟೇಪು, ಸಿಮೆಂಟ್ ಅಂಟಿದ ಮಾಲಿಗೆ ಗುಜರಿಯವ ಅಷ್ಟು ಕೊಡುವುದಿಲ್ಲ. ಕೊಟೇಶನ್ನಿನಲ್ಲಿ ದಪ್ಪ ಬರೆಸಿ, ಮಾಲು ಇಳಿಸುವಾಗ ಅಳತೆ ಮಾಡಿ.

ಲೆಕ್ಕದ_ಮಾಸ್ತರು:
50,000 ಮಾತ್ರ ಬಂದರೆ ಅಲ್ಯೂಮಿನಿಯಂ 4,82,600ರಿಂದ 5,08,000ಕ್ಕೆ ಏರುತ್ತದೆ. ಠೇವಣಿ ಹಣದಿಂದ ಮಾಡಿದರೆ ಆಗಲೂ 75,000 ಮುಂದೆ. ಶೇ. 12ರ ಸಾಲದಿಂದ ಮಾಡಿದರೆ 12,600ರ ಅಂತರ ಹೋಗಿ ಸೋಲು.

ಶರಾವತಿ_ದಂಡೆ:
ಸದ್ದಿನ ಬಗ್ಗೆ ಯಾರೂ ಮಾತಾಡಲಿಲ್ಲ. ಆಷಾಢದ ಮಳೆಯಲ್ಲಿ ತೆಳು ಶೀಟಿನ ಕೆಳಗೆ ಮಾತು ಕೇಳಿಸುವುದಿಲ್ಲ. ಮೇಲಿನ ಮಹಡಿಯವರಿಗೆ ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ಹೇಗೆ ಹೇಳುವುದು?

ಲೆಕ್ಕದ_ಮಾಸ್ತರು:
ಸರಿಯಾದ ಪ್ರಶ್ನೆ, ಅದಕ್ಕೆ ನನ್ನಲ್ಲಿ ಅಂಕಿ ಇಲ್ಲ. ಲಕ್ಷದ ಅಂತರ ಮೇಲಿನ ಮಹಡಿಯವರ ನಿದ್ದೆಗೆ ಸಾಕೋ ಇಲ್ಲವೋ ಎಂದು ಕಮಿಟಿಯವರೇ ಅವರನ್ನು ಕೇಳಬೇಕು.

ಕೋಡಿಬಾಗ_ಸಂಘ:
ಮೇಲಿನ ಮಹಡಿಯವರಲ್ಲಿ ಒಬ್ಬರು ಟೆರೇಸ್ ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಮಾತು ತೆಗೆದಿದ್ದಾರೆ, ಐದಾರು ವರ್ಷದಲ್ಲಿ. ಹಾಗಾದರೆ 16 ವರ್ಷದ ಲೆಕ್ಕವೇ ಬೇಡವೇನೋ?

ಲೆಕ್ಕದ_ಮಾಸ್ತರು:
ಅದು ಖಚಿತವಾದರೆ ಅವಧಿ 6 ವರ್ಷ, ಎರಡಕ್ಕೂ ಒಂದೇ ಸಲ ಶೀಟ್. ಆಗ ನಡುವಿನ ಪೇಂಟು, ಸ್ಕ್ರೂ ಖರ್ಚಿಗಿಂತ 6ನೇ ವರ್ಷ ಬಿಚ್ಚಿದ ಶೀಟಿಗೆ ಏನು ಬೆಲೆ ಸಿಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಗುಜರಿ ದರವೋ, ಬೇರೆ ಮಾಡಿಗೆ ಹಾಕುವವರ ದರವೋ? ವೆಲ್ಡರ್ ಹೇಳಲಿ.

ಕುಮಟಾ_ವೆಲ್ಡರ್:
ತೂತು ಬಿದ್ದ ಶೀಟು ಬೇರೆ ಅಳತೆಯ ಪೈಪಿಗೆ ಸರಿಯಾಗಿ ಕೂರುವುದಿಲ್ಲ. ಕೊಟ್ಟಿಗೆಗೆ ಕೊಳ್ಳುವವರು ಸಿಗುತ್ತಾರೆ, ದರ ಅವರೇ ಹೇಳುತ್ತಾರೆ. ಮೊದಲು ಮಹಡಿ ಏಳುತ್ತದೋ ಇಲ್ಲವೋ ಹೇಳಿ.